ಸಕ್ಕರೆ ನೀರು ಕುಡಿಸಿದರೂ ಶುಗರ್ ಏರಲಿಲ್ಲ

ಗದಗಿನ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಾಸಿಸ್ಟ್. ಹನ್ನೊಂದು ವರ್ಷದಿಂದ ಇದೇ ಕೌಂಟರ್. ದಿನಕ್ಕೆ ಅತಿ ಹೆಚ್ಚು ಕೊಡೋದು ಸಕ್ಕರೆ ಕಾಯಿಲೆ ಗುಳಿಗೆಗಳನ್ನೇ. ಕೊಟ್ಟು ಕೊಟ್ಟು ಅವುಗಳ ಬಗ್ಗೆ ನನಗೆಲ್ಲ ಗೊತ್ತು ಅಂದುಕೊಂಡಿದ್ದೆ. ಕಳೆದ ಶ್ರಾವಣದ ಒಂದು ಸೋಮವಾರ ಅದು ಸುಳ್ಳು ಅಂತ ಗೊತ್ತಾಯಿತು.

ಬೆಳಿಗ್ಗೆ ಹನ್ನೊಂದೂವರೆ ಇರಬಹುದು. ಜಿಟಿಜಿಟಿ ಮಳೆ. ಬೆಟಗೇರಿಯ ಒಬ್ಬ ಕಾಕಾ ಬಂದರು. ಮೊದಲು ಮಗ್ಗ ನೇಯುತ್ತಿದ್ದವರು, ಅರವತ್ತೆಂಟು ವಯಸ್ಸು, ನಮ್ಮ ಹಳೇ ಗಿರಾಕಿ. ತ್ರಿಕೂಟೇಶ್ವರನ ಗುಡಿಗೆ ಹೋಗಿ ಮೊಮ್ಮಗನ ಜೊತೆ ವಾಪಸ್ ಹೊರಟಿದ್ದರು.

"ಅಕ್ಕಾರ, ಸ್ವಲ್ಪ ಬಿಪಿ ನೋಡ್ರಿ. ಯಾಕೋ ಕೈಕಾಲಾಗ ಶಕ್ತಿನ ಇಲ್ಲ. ಒಂದ ಶಕ್ತಿ ಗುಳಿಗಿ ಇದ್ರ ಕೊಡ್ರಿ."

ಬಿಪಿ ಯಂತ್ರ ತೆಗೆಯೋಕೆ ಹೋದೆ. ಅಷ್ಟರಲ್ಲಿ ಅವರು ಹತ್ತು ರೂಪಾಯಿ ನೋಟು ತೆಗೆದು ಕೌಂಟರ್ ಮೇಲೆ ಇಟ್ಟರು. ಮತ್ತೆ ಎತ್ತಿಕೊಂಡರು. ಮತ್ತೆ ಇಟ್ಟರು. ಮೂರನೇ ಸಲ ಎತ್ತುವಾಗ ನೋಟಿನ ತುದಿ ನಡುಗುತ್ತಿತ್ತು. ಮೊಮ್ಮಗ "ಅಜ್ಜಾ, ಸಾಕು ಬಿಡು" ಅಂದಿದ್ದಕ್ಕೆ ಅವನ ಮೇಲೆ ರೇಗಿದರು. ಆ ಕಾಕಾ ಯಾರಿಗೂ ಜೋರು ಮಾತು ಆಡಿದವರಲ್ಲ. ಹಣೆ ನೋಡಿದೆ. ಆ ತಣ್ಣನೆ ಗಾಳಿಯಲ್ಲೂ ಬೆವರು ಹನಿಹನಿಯಾಗಿ ನಿಂತಿತ್ತು. ಕೈ ಮುಟ್ಟಿದರೆ ತಣ್ಣಗೆ, ಒದ್ದೆ.

"ಊಟ ಆಗೇತೇನ್ರಿ ಕಾಕಾ?"

"ಇವತ್ತ ಸೋಮವಾರಲ್ರಿ. ಸಂಜೀಕ ಒಂದ ಹೊತ್ತು."

"ಮತ್ತ ಗುಳಿಗಿ?"

"ಗುಳಿಗಿ ಬಿಡತೀನೇನ್ರಿ? ಮುಂಜಾನೆ ಚಾ ಜೋಡಿ ನುಂಗೇನಿ."

ಬಿಪಿ ಯಂತ್ರ ಬಿಟ್ಟು ಗ್ಲುಕೋಮೀಟರ್ ತೆಗೆದೆ. 52 ಬಂತು. 70ಕ್ಕಿಂತ ಕೆಳಗೆ ಬಂದರೆ ಶುಗರ್ ಲೋ ಆಗಿದೆ ಅಂತಲೇ ಲೆಕ್ಕ.

ಇಂಥವರು ಅಂಗಡಿಗೆ ಬಂದು "ನನ್ನ ಶುಗರ್ ಲೋ ಆಗೇತಿ" ಅಂತ ಯಾರೂ ಹೇಳಲ್ಲ. ಕಣ್ಣಿಗೆ ಕತ್ತಲಿ ಬರಾಕತ್ತೇತಿ ಅಂತಾರೆ, ಜೀವ ಕಳವಳ ಅಂತಾರೆ, ಬಿಪಿ ನೋಡ್ರಿ ಅಂತಾರೆ. ಶುಗರ್ ಇಳಿಯೋಕೆ ಶುರುವಾದಾಗ ದೇಹವೇ ಮೊದಲು ಎಚ್ಚರಿಕೆ ಕೊಡುತ್ತೆ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ತಡೆಯಲಾಗದ ಹಸಿವು. ಇನ್ನೂ ಇಳಿದರೆ ಮಿದುಳಿಗೆ ಸಕ್ಕರೆ ಸಾಲಲ್ಲ. ಆಗ ಮಾಡಿದ್ದನ್ನೇ ಮಾಡೋದು, ಸುಮ್ನೆ ಸಿಟ್ಟಾಗೋದು, ಮಾತು ತೊದಲೋದು, ಕುಡಿದವರ ಹಾಗೆ ಹೆಜ್ಜೆ ಹಾಕೋದು. ಕಾಕಾ ಆ ಎರಡನೇ ಹಂತಕ್ಕೆ ಕಾಲಿಟ್ಟಿದ್ದರು. ವಯಸ್ಸಾದವರಲ್ಲಿ ಕೆಲವೊಮ್ಮೆ ಮೊದಲ ಹಂತ ಕಾಣೋದೇ ಇಲ್ಲ. ಬಿಪಿಗೆ ಅಂತ ಅಟೆನೊಲಾಲ್ ಥರದ ಗುಳಿಗೆ ತಗೊಳ್ಳೋರಲ್ಲಿ ನಡುಕ, ಎದೆಬಡಿತ ಎರಡೂ ಮುಚ್ಚಿಹೋಗಬಹುದು. ಅವರಲ್ಲೂ ಬೆವರು ಮಾತ್ರ ಬರುತ್ತೆ. ಅದಕ್ಕೇ ನಾನೀಗ ಮೊದಲು ಹಣೆ ನೋಡ್ತೀನಿ.

ಪಕ್ಕದ ಚಹಾ ಅಂಗಡಿಯಿಂದ ಸಕ್ಕರೆ ತರಿಸಿದೆ. ಅರ್ಧ ಲೋಟ ನೀರಿಗೆ ಮೂರು ಚಮಚ ಹಾಕಿ ಕುಡಿಸಿದೆ. ಅಷ್ಟೊತ್ತಿಗೆ ಅಂಗಡಿಯಲ್ಲಿದ್ದ ಇನ್ನೊಬ್ಬರು ಪ್ರಸಾದದ ಪೇಡೆ ತೆಗೆದು ಕೊಡೋಕೆ ಬಂದರು. ಬೇಡ ಅಂದೆ. ಪೇಡೆಯಲ್ಲಿ ಸಕ್ಕರೆ ಇದ್ದರೂ ಖೋವಾದ ಕೊಬ್ಬು ಇರುತ್ತೆ. ಕೊಬ್ಬು ಇದ್ದರೆ ಹೊಟ್ಟೆಯಿಂದ ಸಕ್ಕರೆ ಮುಂದೆ ಹೋಗೋದು ತಡ. ಈ ಹೊತ್ತಿನಲ್ಲಿ ನಮಗೆ ಬೇಕಾದ್ದು ನಿಮಿಷಗಳಲ್ಲಿ ರಕ್ತಕ್ಕೆ ಸೇರೋ ಸಕ್ಕರೆ. ಚಾಕ್ಲೇಟು, ಲಾಡು, ಬಿಸ್ಕೀಟು ಎಲ್ಲಕ್ಕೂ ಇದೇ ಮಾತು.

ಹದಿನೈದು ನಿಮಿಷ ಕಾದು, ಬೆರಳು ತೊಳೆಸಿ ಒರೆಸಿ ಮತ್ತೆ ನೋಡಿದೆ. ತೊಳೆಸಲೇಬೇಕು. ಬೆರಳಿಗೆ ಸಕ್ಕರೆ ಅಂಟಿದ್ದರೆ ಮೀಟರ್ ಸುಳ್ಳು ಏರಿಕೆ ತೋರಿಸುತ್ತೆ. 55 ಬಂತು. ಬೆವರು ಹಾಗೇ ಇತ್ತು. ಇಷ್ಟೊತ್ತಿಗೆ ಏರಬೇಕಿತ್ತಲ್ವಾ?

ಅವರ ಅಂಗಿ ಜೇಬಿನಲ್ಲಿ ಗುಳಿಗೆಯ ಪಟ್ಟಿ ಇತ್ತು. ಹೆಸರು ನನಗೆ ಪರಿಚಯದ್ದೇ, ಎಷ್ಟೋ ಸಲ ನಾನೇ ಕೊಟ್ಟಿದ್ದು. ಆದರೆ ಅವತ್ತು ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಓದಿದೆ. ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500, ವೋಗ್ಲಿಬೋಸ್ 0.2. ಒಂದೇ ಗುಳಿಗೆಯಲ್ಲಿ ಮೂರು ಔಷಧಿ.

ತೊಂದರೆ ಮಾಡಿದ್ದು ಮೊದಲನೆಯದು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡು, ಬಿಡು ಅಂತ ಒತ್ತಾಯ ಮಾಡುತ್ತೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಕೂಡ ಇದೇ ಜಾತಿ. ಮೆಟ್‌ಫಾರ್ಮಿನ್ ಒಂದೇ ತಗೊಂಡರೆ ಶುಗರ್ ಇಷ್ಟು ಇಳಿಯೋದು ಅಪರೂಪ.

ನನ್ನ ಸಕ್ಕರೆ ನೀರನ್ನು ತಡೆದಿದ್ದು ಮೂರನೆಯದು, ವೋಗ್ಲಿಬೋಸ್. ನಾವು ಚಹಾಕ್ಕೆ ಹಾಕೋ ಸಕ್ಕರೆಯಲ್ಲಿ ಎರಡು ತುಂಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕರುಳಲ್ಲಿ ಅವು ಬೇರೆಯಾದರೆ ಮಾತ್ರ ರಕ್ತಕ್ಕೆ ಹೋಗೋದು. ವೋಗ್ಲಿಬೋಸ್ ಕೆಲಸವೇ ಆ ಬೇರೆ ಮಾಡೋದನ್ನು ತಡ ಮಾಡೋದು. ಬೇರೆ ದಿನ ಅದು ಒಳ್ಳೆಯದು, ಊಟದ ಮೇಲೆ ಶುಗರ್ ಒಮ್ಮೆಲೇ ಏರಲ್ಲ. ಆದರೆ ಶುಗರ್ ಲೋ ಆದಾಗ ನಾವು ಕುಡಿಸಿದ ಸಕ್ಕರೆ ಕರುಳಲ್ಲೇ ತಡೆದು ನಿಲ್ಲುತ್ತೆ. ಬೆಲ್ಲದ ನೀರಿಗೂ ಅದೇ ಗತಿ. ಇಂಥವರಿಗೆ ಬೇಕಾದ್ದು ಗ್ಲುಕೋಸ್ ಪುಡಿ. ಅದು ಮೊದಲೇ ಬಿಡಿಯಾಗಿರೋ ಸಕ್ಕರೆ, ಒಡೆಯೋದು ಏನೂ ಇಲ್ಲ.

ಅದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಡಬ್ಬಿ ಒಡೆದು ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಲ್ಲಿ ಕಲಸಿ ಕುಡಿಸಿದೆ. ಹದಿನೈದು ನಿಮಿಷಕ್ಕೆ 84. ಕಾಕಾ ಮುಖ ಒರೆಸಿಕೊಂಡು ಮೊಮ್ಮಗನನ್ನು ಹತ್ತಿರ ಕರೆದು ತಲೆ ಸವರಿದರು. ರೇಗಿದ್ದು ಅವರಿಗೆ ನೆನಪೇ ಇರಲಿಲ್ಲ.

ಕೆಲವರು ಓಆರ್‌ಎಸ್ ಕೊಡ್ತಾರೆ, ಅದರಲ್ಲೂ ಗ್ಲುಕೋಸ್ ಇದೆಯಲ್ಲ ಅಂತ. ಒಂದು ಲೀಟರ್‌ಗೆ ಕಲಸೋ ಪೊಟ್ಟಣದಲ್ಲಿ ಗ್ಲುಕೋಸ್ ಇರೋದು 13.5 ಗ್ರಾಂ. ಒಂದು ಲೋಟಕ್ಕೆ ಮೂರು ಗ್ರಾಂ ಕೂಡ ಸಿಗಲ್ಲ. ಅದು ಭೇದಿಗೆ ಮಾಡಿದ ಔಷಧಿ, ಇದಕ್ಕಲ್ಲ.

ಇಲ್ಲಿವರೆಗೆ ಸರಿ ಹೋಯಿತು. ತಪ್ಪು ಆಮೇಲೆ ಆಯಿತು. ಅದು ನನ್ನದೇ.

ಉಪವಾಸ ಮುರಿಯೋಕೆ ಕಾಕಾ ಒಪ್ಪಲಿಲ್ಲ. "ಶಿವಾ ತಪ್ಪ ತಿಳ್ಕೊಳ್ಳಂಗಿಲ್ರಿ ಕಾಕಾ" ಅಂತ ಒತ್ತಾಯ ಮಾಡಿ ಎರಡು ಇಡ್ಲಿ ತಿನ್ನಿಸಿದೆ. ಮನೆಗೆ ಹೋಗಿ ರೊಟ್ಟಿ ಉಣ್ಣಿ, ಆರಾಮ ಮಾಡಿ ಅಂದೆ. ಅಷ್ಟೇ ಹೇಳಿ ಕಳಿಸಿದೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು.

ರಾತ್ರಿ ಒಂದೂ ಮುಕ್ಕಾಲಿಗೆ ಅವರ ಮಗನ ಫೋನು. "ಅಕ್ಕಾರ, ಅಪ್ಪ ಏಳವಲ್ರು. ದಿಂಬು ಪೂರಾ ತೊಯ್ದೇತಿ. ಗೊರಕಿ ಹೊಡಿಯಾಕತ್ತಾರ. ಬಾಯಾಗ ಗ್ಲುಕೋಸ್ ನೀರ ಹಾಕಾಕತ್ತೇವಿ."

ನಿಲ್ಲಿಸಿ ಅಂತ ಕೂಗಿದೆ. ಎಚ್ಚರ ಇಲ್ಲದವರು ನುಂಗಲ್ಲ. ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಲ್ಲಿ ಇರೋದು ಹೊರಗೆ ಬರಲಿ, 108ಕ್ಕೆ ಫೋನ್ ಮಾಡಿ ಅಂದೆ. ಆಸ್ಪತ್ರೆಯಲ್ಲಿ ನೋಡಿದಾಗ 34. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟ ಹತ್ತು ನಿಮಿಷದಲ್ಲಿ ಕಣ್ಣು ಬಿಟ್ಟರಂತೆ. ಆದರೂ ಎರಡು ರಾತ್ರಿ ಇಟ್ಟುಕೊಂಡರು. ಡ್ರಿಪ್ ನಿಧಾನ ಮಾಡಿದಾಗೆಲ್ಲ ಶುಗರ್ ಮತ್ತೆ ಇಳಿಯುತ್ತಿತ್ತು.

ಆಗಿದ್ದಿಷ್ಟು. ಗ್ಲಿಮೆಪಿರೈಡ್‌ನ ಜೋರು ಒಂದು ದಿನದವರೆಗೂ ಇರುತ್ತೆ. ನಾನು ಕುಡಿಸಿದ ಗ್ಲುಕೋಸ್ ಒಂದೆರಡು ತಾಸಿಗೆ ಖರ್ಚಾಗಿ ಹೋಯಿತು. ಕಾಕಾ ಸಂಜೆ ಪೂಜೆ ಮುಗಿಸಿ ನಾಲ್ಕು ತುತ್ತು ಉಂಡರು. ಚೀಟಿಯಲ್ಲಿ ದಿನಕ್ಕೆ ಎರಡು ಸಲ ಅಂತ ಇದ್ದದ್ದಕ್ಕೆ ರಾತ್ರಿ ಗುಳಿಗೆಯನ್ನೂ ನುಂಗಿದರು. ನುಂಗಬೇಡಿ, ಮೊದಲು ಡಾಕ್ಟರನ್ನು ಕೇಳಿ ಅಂತ ನಾನು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಮಾಡಿದ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.1 ಬಂತು. ಕಿಡ್ನಿ ಸೋತಿತ್ತು. ಕಿಡ್ನಿ ಸೋತವರ ಮೈಯಲ್ಲಿ ಈ ಜಾತಿಯ ಔಷಧಿ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತೆ. ಮೊದಲಿನಷ್ಟೇ ಗುಳಿಗೆ, ಮೊದಲಿನಷ್ಟೇ ಊಟ, ಆದರೂ ಶುಗರ್ ಇಳಿಯೋಕೆ ಶುರುವಾದರೆ ಕಿಡ್ನಿ ನೋಡಿಸಬೇಕು ಅನ್ನೋದು ಅದಕ್ಕೇ.

ಅವತ್ತು ಕೌಂಟರ್‌ನಿಂದಲೇ ಅವರ ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಈಗ ಮಾಡ್ತೀನಿ. ಈ ಜಾತಿ ಗುಳಿಗೆಯಿಂದ ಲೋ ಆದವರನ್ನು ಮೀಟರ್ 84 ತೋರಿಸಿತು ಅಂತ ಮನೆಗೆ ಕಳಿಸಲ್ಲ. ವಯಸ್ಸಾದವರಾದರೆ, ಕಿಡ್ನಿ ತೊಂದರೆ ಇದ್ದರೆ, ವಾಂತಿ ಆಗ್ತಾ ಊಟ ಸೇರದಿದ್ದರೆ ಅವತ್ತೇ ಆಸ್ಪತ್ರೆಗೆ ಕಳಿಸ್ತೀನಿ. ಉಳಿದವರ ಮನೆಯವರಿಗೆ ಮುಂದಿನ ಗುಳಿಗೆ ಡಾಕ್ಟರ್ ಹೇಳಿದ ಮೇಲೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ಶುಗರ್ ನೋಡಿ ಅಂತ ಕೂಡಿಸಿಕೊಂಡು ಹೇಳ್ತೀನಿ. ರೋಗಿಗೆ ಹೇಳಿದರೆ ಸಾಲದು. ಆ ಹೊತ್ತಿನಲ್ಲಿ ಅವರ ತಲೆ ಅವರ ಕೈಯಲ್ಲಿ ಇರಲ್ಲ.

ಪಟ್ಟಿ ಕೊಡುವಾಗ ಹಿಂದಿನ ಅಕ್ಷರ ಓದ್ತೀನಿ. ಗ್ಲಿಮೆಪಿರೈಡ್ ಇದ್ದರೆ "ಊಟ ಬಿಟ್ಟ ದಿನ ಏನ್ ಮಾಡ್ತೀರಿ?" ಅಂತ ಕೇಳ್ತೀನಿ. ಶ್ರಾವಣ, ಶಿವರಾತ್ರಿ, ರಂಜಾನ್ ಬರುವ ಮುಂಚೆ ಡಾಕ್ಟರನ್ನು ಕಂಡು ಗುಳಿಗೆ ಹೊಂದಿಸಿಕೊಳ್ಳಿ ಅಂತೀನಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಇದ್ದರೆ ಮನೆಯಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು. ಅದು ಕೈಗೆ ಸಿಗದಿದ್ದರೆ ಜೇನುತುಪ್ಪ ಆಗುತ್ತೆ, ಅದರಲ್ಲಿ ಬಿಡಿ ಗ್ಲುಕೋಸ್ ಸ್ವಲ್ಪ ಇದೆ. ಈ ಎರಡು ಔಷಧಿ ಇಲ್ಲದವರಿಗೆ ಮೂರು ಚಮಚ ಸಕ್ಕರೆ ಚೆನ್ನಾಗೇ ಕೆಲಸ ಮಾಡುತ್ತೆ.

ಪಕ್ಕದ ಕಿರಾಣಿ ಅಂಗಡಿ ತಕ್ಕಡಿಯಲ್ಲಿ 15 ಗ್ರಾಂ ತೂಗಿ ಗ್ಲುಕೋಸ್‌ನ ಸಣ್ಣ ಪೊಟ್ಟಣ ಕಟ್ಟಿ ಕೌಂಟರ್ ಮೇಲೆ ಇಟ್ಟಿದ್ದೇನೆ. ಕಾಕಾರ ಡಾಕ್ಟರ್ ಗ್ಲಿಮೆಪಿರೈಡ್ ನಿಲ್ಲಿಸಿ ಬೇರೆ ಗುಳಿಗೆ ಕೊಟ್ಟಿದ್ದಾರೆ. ಆದರೂ ಅವರು ನನ್ನಿಂದ ಎರಡು ಪೊಟ್ಟಣ ತಗೊಂಡು ಹೋಗಿದ್ದಾರೆ. ಒಂದು ಅಂಗಿ ಜೇಬಿನಲ್ಲಿ ವಿಭೂತಿ ಜೊತೆ ಇರುತ್ತೆ, ಇನ್ನೊಂದು ಮೊಮ್ಮಗನ ಶಾಲೆ ಚೀಲದಲ್ಲಿ.