ಕಂಪಾಸ್ ಮುಳ್ಳು ಎಲ್ಲಿಡಬೇಕು ಸರ್?

ಡಿಪ್ಲೊಮಾ ಮಕ್ಕಳಿಗೆ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವುದು ನನ್ನ ಕೆಲಸ. ಎಲಿಪ್ಸ್ ಪಾಠವನ್ನು ಏಳು ಹಂತಗಳಲ್ಲಿ ಬರೆದು, ಕೊನೆಗೆ ಪೂರ್ತಿ ಚಿತ್ರ ಹಾಕಿ ಜೆರಾಕ್ಸ್ ಮಾಡಿಸಿದ್ದೆ. ಜ್ವರದಿಂದ ಒಂದು ವಾರ ಬರದಿದ್ದ ಹುಡುಗನ ಕೈಗೆ ಅದನ್ನು ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡಿದೆ.

ಲೆಕ್ಕ ಇಷ್ಟೇ: ಡೈರೆಕ್ಟ್ರಿಕ್ಸ್ ಎಂಬ ನೇರ ಗೆರೆಯಿಂದ ಫೋಕಸ್ ಎಂಬ ಬಿಂದುವಿಗೆ 50 ಮಿ.ಮೀ., ಎಕ್ಸೆಂಟ್ರಿಸಿಟಿ 2/3, ಅಂದರೆ ಎಲಿಪ್ಸ್‌ನ ಯಾವುದೇ ಚುಕ್ಕಿಗೆ ಫೋಕಸ್‌ನಿಂದ ಇರುವ ದೂರ ಡೈರೆಕ್ಟ್ರಿಕ್ಸ್‌ನಿಂದ ಇರುವ ದೂರದ 2/3. ಅಕ್ಷದ ಗೆರೆ ಡೈರೆಕ್ಟ್ರಿಕ್ಸ್ ಮುಟ್ಟುವ ಜಾಗ ಸಿ, ಫೋಕಸ್ ಎಫ್. ನಡುವಿನ 50ನ್ನು ಐದು ಭಾಗ ಮಾಡಿ, ಎಫ್‌ನಿಂದ ಎರಡು ಭಾಗ ದೂರದಲ್ಲಿ, ಅಂದರೆ 20 ಮಿ.ಮೀ.ಗೆ, ಎಲಿಪ್ಸ್‌ನ ತುದಿ, ವರ್ಟೆಕ್ಸ್ ವಿ. ವಿ ಮೇಲೆ ನೇರವಾಗಿ 20 ಮಿ.ಮೀ. ಏರಿಸಿದರೆ ಇ. ಸಿ-ಇ ಸೇರಿಸಿ ಮುಂದಕ್ಕೆ ಎಳೆಯಬೇಕು.

ಹುಡುಗ ಎ4 ಹಾಳೆಯನ್ನು ಅಡ್ಡ ಇಟ್ಟು ಅಕ್ಷವನ್ನು ನಟ್ಟನಡುವೆ ಎಳೆದ. ಕೊನೆಯಲ್ಲಿ ಆ ಓರೆ ಗೆರೆ ಬಾರ್ಡರ್ ದಾಟಿ ಹೋಯಿತು. ಅದು ಅಕ್ಷದಿಂದ 100 ಮಿ.ಮೀ. ಮೇಲೇರುತ್ತದೆ, ಕೆಳಗೆ ಮಾತ್ರ 45 ಸಾಕು. ಬೋರ್ಡ್ ದೊಡ್ಡದು, ನನಗೆ ಇದು ತಲೆಗೇ ಹೊಳೆದಿರಲಿಲ್ಲ. ಈಗ ಮೊದಲ ಹಂತವೇ 'ಅಕ್ಷ ಹಾಳೆಯ ಕೆಳ ಅಂಚಿನಿಂದ 80 ಮಿ.ಮೀ. ಮೇಲಿರಲಿ'.

ಆಮೇಲಿನದು ಇನ್ನೂ ಮಜಾ. ವಿ ಬಲಕ್ಕೆ 10 ಮಿ.ಮೀ. ಬಿಟ್ಟು ಒಂದು ಲಂಬ ಗೆರೆ. ಅಕ್ಷದಿಂದ ಓರೆ ಗೆರೆವರೆಗಿನ ಅದರ ಎತ್ತರವೇ ತ್ರಿಜ್ಯ. 'ಆ ತ್ರಿಜ್ಯದಿಂದ ಮೇಲೆ ಕೆಳಗೆ ಆರ್ಕ್ ಹಾಕು' ಎಂದಷ್ಟೇ ಬರೆದಿದ್ದೆ. ಬೋರ್ಡ್ ಮೇಲೆ ನನ್ನ ಕೈ ತಾನಾಗಿ ಎಫ್‌ಗೆ ಹೋಗುತ್ತಿತ್ತು, ಬಾಯಲ್ಲಿ ಹೇಳುತ್ತಿರಲಿಲ್ಲ. ಹುಡುಗ ಅಳತೆ ತೆಗೆದ ಜಾಗದಲ್ಲೇ ಮುಳ್ಳು ಇಟ್ಟು ಆರ್ಕ್ ಹಾಕಿದ. ಮೇಲಿನ ಚುಕ್ಕಿಗಳೆಲ್ಲ ಓರೆ ಗೆರೆ ಮೇಲೇ ಬಿದ್ದವು. ಬೀಳಲೇಬೇಕು ಅಲ್ವಾ, ಅಳೆದದ್ದೇ ಅಲ್ಲಿಂದ! "ಮುಳ್ಳು ಎಲ್ಲಿಡಬೇಕು ಸರ್?" ಎಂದು ಕೇಳಿದ.

ಆ ಒಂದು ಸಾಲನ್ನು ನಾಲ್ಕು ಮಾಡಿದೆ. ಅಳೆ. ಕಂಪಾಸ್ ಅಲುಗಿಸದೆ ಮುಳ್ಳನ್ನು ಎಫ್‌ಗೆ ತಾ. ಅದೇ ಲಂಬ ಗೆರೆಯನ್ನು ಮೇಲೆ, ಕೆಳಗೆ ಕತ್ತರಿಸು. ನೋಡಿಕೊ: ಕಂಪಾಸ್ ಸುಮಾರು 27 ಮಿ.ಮೀ. ತೆರೆದಿರಬೇಕು, ಚುಕ್ಕಿ ಅಕ್ಷದಿಂದ ಸುಮಾರು 25 ಮಿ.ಮೀ. ದೂರ ಇರಬೇಕು. ಕೊನೆಗೂ ಇಂಥದ್ದೇ ಒಂದು ಪರೀಕ್ಷೆ: ಉದ್ದ 120, ಅಗಲ ಸುಮಾರು 89. ಪೂರ್ತಿ ಚಿತ್ರ ತೆಗೆದು, ಹಂತಕ್ಕೊಂದು ಚಿಕ್ಕ ಚಿತ್ರ ಹಾಕಿದೆ. ಹೊಸ ಗೆರೆ ಮಾತ್ರ ದಪ್ಪ, ಹಳೆಯವೆಲ್ಲ ತೆಳು.

ಶೀಟ್ ಹಿಂದೆ ಚಿತ್ರವಿಲ್ಲದ ಇನ್ನೊಂದು ಲೆಕ್ಕ ಕೊಟ್ಟೆ: ದೂರ 60, ಎಕ್ಸೆಂಟ್ರಿಸಿಟಿ 1/2. ಕೆಲವರು ಅಲ್ಲೂ ಐದೇ ಭಾಗ ಮಾಡಿದರು! ತಪ್ಪು ನನ್ನದೇ. 'ಎಕ್ಸೆಂಟ್ರಿಸಿಟಿಯ ಮೇಲಿನ ಅಂಕಿ, ಕೆಳಗಿನ ಅಂಕಿ ಕೂಡಿಸು, ಅಷ್ಟು ಭಾಗ' ಎಂದು ಸೇರಿಸಿದೆ. ಒಂದು, ಎರಡು, ಒಟ್ಟು ಮೂರು.

ಚುಕ್ಕಿಗಳನ್ನು ಕೈಯಲ್ಲಿ ಸೇರಿಸುವುದನ್ನು ಮಾತ್ರ ಶೀಟ್‌ನಲ್ಲಿ ಕಲಿಸಲು ಆಗಿಲ್ಲ. ವರ್ಟೆಕ್ಸ್ ಹತ್ತಿರ ಎಲ್ಲರದ್ದೂ ಮೊಟ್ಟೆಯ ತುದಿಯಂತೆ ಚೂಪಾಗುತ್ತದೆ. ಅಲ್ಲಿ 5 ಮಿ.ಮೀ.ಗೆ ಒಂದು ಲಂಬ ಗೆರೆ ಹಾಕಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಉಳಿದದ್ದನ್ನು ಕ್ಲಾಸಲ್ಲಿ ಪಕ್ಕ ನಿಂತೇ ತೋರಿಸುತ್ತೇನೆ.