ಸ್ಕ್ರೀನಲ್ಲಿ 80 ಮೀಟರ್, ಗುಡ್ಡದ ಮೇಲೆ 30

ಚಿಕ್ಕಮಗಳೂರು ಸುತ್ತಮುತ್ತ ಕಾಫಿ ತೋಟಗಳ ಸರ್ವೆಗೆ ಡ್ರೋನ್ ಹಾರಿಸೋದು ನನ್ನ ಕೆಲಸ, ಮದುವೆ ಸೀಸನ್ನಲ್ಲಿ ಫೋಟೋಗ್ರಾಫರ್ ಗೆಳೆಯರು ಕರೆದ್ರೆ ಅಲ್ಲಿಗೂ ಹೋಗ್ತೀನಿ. ಹೊಸ ಹುಡುಗ್ರು ಮೊದ್ಲು ಕೇಳೋದು ಸರ್ಟಿಫಿಕೇಟ್ ಬೇಕೇ ಬೇಕಾ ಅಣ್ಣ ಅಂತ. 2021ರ ಡ್ರೋನ್ ರೂಲ್ಸ್ ಪ್ರಕಾರ ಒಟ್ಟು ತೂಕ 250 ಗ್ರಾಂ ಒಳಗಿದ್ರೆ ಅದು ನ್ಯಾನೋ, ಅದಕ್ಕೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ. ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, ಅದನ್ನ ಖುಷಿಗೆ ಹಾರಿಸಿದ್ರೆ ಬೇಡ, ದುಡ್ಡಿಗೆ ಹಾರಿಸಿದ್ರೆ ಬೇಕು. ಮದುವೆ ಮನೇಲಿ ಜನ ಜಾಸ್ತಿ ಅಂತ 249 ಗ್ರಾಂ ಡ್ರೋನಿಗೆ ಪ್ರೊಪೆಲ್ಲರ್ ಗಾರ್ಡ್ ಹಾಕ್ತಾರಲ್ಲ, ಅದೂ ತೂಕದ ಲೆಕ್ಕಕ್ಕೆ ಬರುತ್ತೆ, ಅಲ್ಲಿಗೆ ಅದು ನ್ಯಾನೋ ಆಗಿ ಉಳಿಯಲ್ಲ.

ಸರ್ಟಿಫಿಕೇಟಿಗೆ 18 ತುಂಬಿರ್ಬೇಕು, 65 ದಾಟಿರ್ಬಾರ್ದು, ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು, ವಿಮಾನಯಾನ ನೋಡ್ಕೊಳ್ಳೋ ಕೇಂದ್ರದ ಡಿಜಿಸಿಎ ಮಾನ್ಯತೆ ಇರೋ ಸಂಸ್ಥೆಲೇ ಟ್ರೈನಿಂಗ್ ಮುಗಿಸ್ಬೇಕು. ಥಿಯರಿ, ಸಿಮ್ಯುಲೇಟರ್, ಆಮೇಲೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ನಿಂತು ಫೀಲ್ಡಲ್ಲಿ ಹಾರಿಸೋದು. ಸಿಕ್ಕಿದ್ಮೇಲೆ 10 ವರ್ಷ ನಡೆಯುತ್ತೆ. ಸೇರೋಕೆ ಮುಂಚೆ ಯಾವ ಕ್ಲಾಸಿಗೆ ಕೊಡ್ತಾರೆ ಅಂತ ಕೇಳ್ಕೊಳ್ಳಿ, ಮೈಕ್ರೋಗೆ ತಗೊಂಡಿದ್ದು 2 ಕೆಜಿ ಮೇಲಿನ ಸ್ಮಾಲ್ ಡ್ರೋನಿಗೆ ಆಗಲ್ಲ.

ಕ್ಲಾಸಲ್ಲಿ ಕಲಿತ 120 ಮೀಟರ್, ಅಂದ್ರೆ 400 ಅಡಿ ಮಿತಿ ಇದೆಯಲ್ಲ, ಮಲೆನಾಡಲ್ಲಿ ಅದೇ ದೊಡ್ಡ ಪಾಠ. ಸರ್ಕಾರದ ಡ್ರೋನ್ ಮ್ಯಾಪಲ್ಲಿ ಹಸಿರು ಬಣ್ಣದಲ್ಲಿರೋ ಗ್ರೀನ್ ಝೋನಲ್ಲಿ ಪರ್ಮಿಷನ್ ಇಲ್ದೆ ಹಾರಬಹುದಾದ ಆ ಎತ್ತರ ನೆಲದಿಂದ ಲೆಕ್ಕ. ಆದ್ರೆ ರಿಮೋಟ್ ಸ್ಕ್ರೀನಲ್ಲಿ ಕಾಣೋ ಎತ್ತರ ಟೇಕಾಫ್ ಮಾಡಿದ ಜಾಗದಿಂದ ಲೆಕ್ಕ. ಟ್ರೈನಿಂಗ್ ಮೈದಾನ ಸಮತಟ್ಟು, ಅಲ್ಲಿ ಎರಡೂ ಒಂದೇ, ವ್ಯತ್ಯಾಸ ಗೊತ್ತೇ ಆಗಲ್ಲ.

ಆಲ್ದೂರು ಕಡೆ ಒಂದು ತೋಟ ತಗೊಳ್ಳಿ. ಬಂಗಲೆ ಕೆಳಗೆ ಕಣಿವೇಲಿದೆ, ತೋಟದ ತುದಿ ಅದಕ್ಕಿಂತ 50 ಮೀಟರ್ ಮೇಲೆ. ಬಂಗಲೆ ಮುಂದಿನ ಕಣದಿಂದ ಎಬ್ಬಿಸಿ 80 ಮೀಟರಲ್ಲಿ ತಾನಾಗೇ ಸಾಲು ಸಾಲಾಗಿ ಹಾರೋ ಹಾಗೆ ಸೆಟ್ ಮಾಡಿದ್ರೆ ತುದೀಲಿ ನೆಲಕ್ಕೂ ಡ್ರೋನಿಗೂ 30 ಮೀಟರ್ ಅಷ್ಟೇ ಉಳಿಯೋದು, ಅದ್ರಲ್ಲಿ ಸಿಲ್ವರ್ ಓಕ್ ಮರವೇ 25 ಮೀಟರ್ ಇದ್ರೆ ಮರದ ತಲೆಗೂ ರೆಕ್ಕೆಗೂ ಬರೀ 5 ಮೀಟರ್. ಡಿಕ್ಕಿ ಹೊಡೀದೆ ಬಚಾವಾದ್ರೂ ಮ್ಯಾಪ್ ಕೆಡುತ್ತೆ. ನನ್ನ ಕ್ಯಾಮೆರಾ 80 ಮೀಟರಿಂದ ಒಂದು ಫೋಟೋಲಿ 120 ಮೀಟರ್ ಅಗಲ ನೆಲ ಹಿಡಿಯುತ್ತೆ, ಪಕ್ಕದ ಸಾಲಿನ ಫೋಟೋ ಜೊತೆ 70 ಪರ್ಸೆಂಟ್ ಓವರ್‌ಲ್ಯಾಪ್ ಬೇಕು ಅಂದ್ರೆ ಸಾಲಿಂದ ಸಾಲಿಗೆ 36 ಮೀಟರ್ ಬಿಡ್ತೀವಿ. 30 ಮೀಟರಿಗೆ ಬಂದಾಗ ಅದೇ ಫೋಟೋ ಹಿಡಿಯೋದು 45 ಮೀಟರ್ ಅಗಲ, ಸಾಲಿನ ಅಂತರ ಮಾತ್ರ ಅದೇ 36, ಹಾಗಾಗಿ ಓವರ್‌ಲ್ಯಾಪ್ 20 ಪರ್ಸೆಂಟಿಗೆ ಇಳಿಯುತ್ತೆ, ಸಾಫ್ಟ್‌ವೇರಿಗೆ ಫೋಟೋ ಜೋಡಿಸೋಕೆ ಅದು ಸಾಲಲ್ಲ. ಮ್ಯಾಪಲ್ಲಿ ತುದಿ ಕಡೆ ತೂತು ಬೀಳುತ್ತೆ, ಒಂದೇ ಮರ ಎರಡು ಸಲ ಕಾಣುತ್ತೆ, ತೋಟದ ರಸ್ತೆ ಮುರಿದು ಪಕ್ಕಕ್ಕೆ ಜರುಗಿದ ಹಾಗಿರುತ್ತೆ. ಸರಿ, ತುದಿಯಿಂದಲೇ ಎಬ್ಬಿಸೋಣ ಅಂದ್ರೆ ಕಣಿವೆ ಮೇಲೆ ಬಂದಾಗ 80ಕ್ಕೆ 50 ಸೇರಿ 130 ಮೀಟರ್, ಸ್ಕ್ರೀನ್ 80 ಅಂತಾನೇ ತೋರಿಸ್ತಿರುತ್ತೆ, ಮಿತಿ ದಾಟಿರೋದು ಗೊತ್ತೇ ಆಗಲ್ಲ.

ಅದಕ್ಕೇ ನಾನು ಇಂಥ ತೋಟನ ಎರಡು ಬ್ಲಾಕ್ ಮಾಡ್ತೀನಿ. ಕೆಳಗಿನ ಅರ್ಧ ಕಣದಿಂದ, ಮೇಲಿನ ಅರ್ಧ ಜೀಪ್ ರಸ್ತೆಯ ನಡುವಿನ ತಿರುವಿಂದ, ಎರಡೂ 100 ಮೀಟರಿಗೆ. ಆಗ ಒಂದೊಂದು ಬ್ಲಾಕಲ್ಲೂ ಏರು 25 ಮೀಟರ್ ಅಷ್ಟೇ, ನೆಲದಿಂದ ಕಡಿಮೆ ಅಂದ್ರೂ 75 ಮೀಟರ್ ಇರುತ್ತೆ, ಮರದ ತಲೆಯಿಂದ 50. ಸಾಲಿನ ಅಂತರನ ಆ 50ಕ್ಕೆ ಲೆಕ್ಕ ಹಾಕಿ 22 ಮೀಟರ್ ಇಡ್ತೀನಿ, ಬ್ಯಾಟರಿ ಜಾಸ್ತಿ ಹೋಗುತ್ತೆ, ಹೋಗ್ಲಿ. ನೆಲದ ಏರಿಳಿತಕ್ಕೆ ತಕ್ಕಂತೆ ಡ್ರೋನ್ ತಾನೇ ಏರಿಳಿಯೋ ಟೆರೇನ್ ಫಾಲೋ ಇದ್ರೆ ಸುಲಭ ನಿಜ, ಆದ್ರೆ ಅದರೊಳಗಿನ ಎತ್ತರದ ಡೇಟಾಲಿ ನಮ್ಮ ಮರಗಳ ಎತ್ತರ ಸರಿಯಾಗಿರುತ್ತೆ ಅಂತ ನಂಬೋ ಹಾಗಿಲ್ಲ, ಎತ್ತರದ ಮರ ಎಲ್ಲಿದೆ ಅಂತ ಮೇಸ್ತ್ರಿನ ಕೇಳಿ ನಡೆದು ನೋಡ್ಕೊಂಡೇ ಹಾರಿಸ್ತೀನಿ.

ಇನ್ನೊಂದು ವಿಷಯ ಓನರಿಗೆ ಮೊದಲೇ ಹೇಳ್ತೀನಿ. "ಕೆರೆ ತೋಡಿಸ್ಬೇಕು, ಕಾಂಟೂರ್ ಕೊಡಪ್ಪ" ಅಂತಾರೆ ಗೌಡ್ರು. ನೆರಳು ಮರ ದಟ್ಟ ಇರೋ ಕಡೆ ಫೋಟೋಲಿ ಬರೋದು ಮರದ ತಲೆ, ನೆಲ ಅಲ್ಲ. "ಗೌಡ್ರೇ, ಸಿಲ್ವರ್ ಓಕ್ ಎಣಿಸಿ ಕೊಡ್ತೀನಿ, ಎಲ್ಲಿ ಗಿಡ ಒಣಗಿದೆ ತೋರಿಸ್ತೀನಿ, ಆದ್ರೆ ಮರದ ಕೆಳಗಿನ ಇಳಿಜಾರಿಗೆ ಟೋಟಲ್ ಸ್ಟೇಷನ್ ಇಟ್ಟು ಅಳೀಬೇಕು, ಇಲ್ಲಾಂದ್ರೆ ಎಲೆ ಸಂದಿಲಿ ಲೇಸರ್ ಬಿಟ್ಟು ನೆಲ ಅಳೆಯೋ ಲೈಡಾರ್ ತರಿಸ್ಬೇಕು" ಅಂತೀನಿ. ಪಕ್ಕದ ತೋಟದವ್ರ ಜೊತೆ ಗಡಿ ತಕರಾರಿದ್ರೂ ಅಷ್ಟೇ, ನನ್ನ ಮ್ಯಾಪ್ ಬರೀ ಚಿತ್ರ, ಹದ್ದುಬಸ್ತಿಗೆ ಸರ್ವೆ ಇಲಾಖೆಗೇ ಅರ್ಜಿ ಹಾಕ್ಬೇಕು.