ಎಗ್ ರೈಸ್ ಗಾಡಿಯ ಅನ್ನದ ಟಬ್ಬು

ಬೀದಿ ಬದಿ ತಿಂಡಿ ಮಾರುವವರಿಗೆ ಆಹಾರ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಮೊದಲ ಪ್ರಶ್ನೆ ಬಣ್ಣದ್ದು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು, ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಅನ್ನುವ ಬಣ್ಣ ಹಾಕಬಾರದು ಅಂತ ಹೇಳಿದ ಮೇಲಂತೂ ಗಾಡಿಯವರು, ಗಿರಾಕಿಗಳು ಎಲ್ಲರ ತಲೆಯಲ್ಲೂ ಅದೇ. ಆ ಆದೇಶ ಸರಿಯಾದದ್ದೇ. ಆದರೆ ಗಾಡಿಯಲ್ಲಿ ತಿಂದ ಹತ್ತು ಜನಕ್ಕೆ ಅದೇ ರಾತ್ರಿ ವಾಂತಿ ಶುರುವಾಯಿತು ಅಂದರೆ ನಾನು ಮೊದಲು ನೋಡುವುದು ಅನ್ನದ ಟಬ್ಬನ್ನ. ಬಣ್ಣದ ಡಬ್ಬಿ ಆಮೇಲೆ.

ಯಾಕೆ ಅಂತ ಹೇಳಬೇಕಾದರೆ ನಾವು ಬಳಸುವ ವಿಧಾನವನ್ನು ಸ್ವಲ್ಪ ಹೇಳಬೇಕು. ಅದಕ್ಕೆ ಹ್ಯಾಸಪ್ ಅಂತಾರೆ. 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಊಟಕ್ಕಾಗಿ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಲ್ಲಿನ ಸೇನೆಯ ಪ್ರಯೋಗಾಲಯ ಸೇರಿ ಕಟ್ಟಿದ್ದು. ತಯಾರಾದ ಊಟವನ್ನು ಪರೀಕ್ಷೆ ಮಾಡಿಯೇ ಖಾತ್ರಿ ಮಾಡಿಕೊಳ್ಳಬೇಕು ಅಂತ ಹೊರಟರೆ ಅದರ ದೊಡ್ಡ ಪಾಲು ಪರೀಕ್ಷೆಗೇ ಹೋಗುತ್ತಿತ್ತು. ಹಾಗಾಗಿ ಅವರು ಅಡುಗೆಯ ಒಂದೊಂದು ಹೆಜ್ಜೆಯನ್ನೂ ನೋಡಲು ಶುರುಮಾಡಿದರು. ಇಲ್ಲಿ ಏನು ಕೆಡಬಹುದು? ಇಲ್ಲಿ ಕೆಟ್ಟಿದ್ದನ್ನು ಮುಂದಿನ ಯಾವುದಾದರೂ ಹೆಜ್ಜೆ ಸರಿಮಾಡುತ್ತದಾ? ಸರಿಮಾಡುವುದಿಲ್ಲ ಅಂದರೆ ಆ ಜಾಗವನ್ನು ಬಿಗಿ ಹಿಡಿಯಬೇಕು. ಅಲ್ಲಿಗೊಂದು ಮಿತಿ ಹಾಕಬೇಕು, ಅದನ್ನು ಯಾರಾದರೂ ನೋಡುತ್ತಿರಬೇಕು, ಮೀರಿದರೆ ಏನು ಮಾಡುವುದು ಅಂತ ಮೊದಲೇ ತೀರ್ಮಾನ ಆಗಿರಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ರಾಶಿ ಫೈಲುಗಳಿರುತ್ತವೆ. ಗಾಡಿಗೆ ಅಷ್ಟೆಲ್ಲ ಬೇಡ. ಫ್ರಾಂಕ್ ಬ್ರಯಾನ್ ಅನ್ನುವ ಅಮೆರಿಕದ ತಜ್ಞರು ಡೊಮಿನಿಕನ್ ರಿಪಬ್ಲಿಕ್, ಪಾಕಿಸ್ತಾನದಂಥ ಕಡೆ ಬೀದಿ ವ್ಯಾಪಾರಿಗಳ ಪಕ್ಕ ನಿಂತು, ಥರ್ಮಾಮೀಟರ್ ಚುಚ್ಚಿ, ಗಡಿಯಾರ ನೋಡಿ ಇದನ್ನೇ ಮಾಡಿದ್ದರು. ಬೇಯಿಸುವುದರಲ್ಲಿ ಸಾಮಾನ್ಯವಾಗಿ ತೊಂದರೆ ಇರುತ್ತಿರಲಿಲ್ಲ. ಬೇಯಿಸಿ ಗಂಟೆಗಟ್ಟಲೆ ಹಾಗೇ ಇಟ್ಟುಕೊಳ್ಳುವುದರಲ್ಲಿ ಇರುತ್ತಿತ್ತು.

ನಮ್ಮೂರಿನ ಒಂದು ಎಗ್ ರೈಸ್ ಗಾಡಿಯನ್ನೇ ತಗೊಳ್ಳಿ. ಗಂಡ ಬಾಣಲೆ ಮುಂದೆ, ಹೆಂಡತಿ ಮನೆಯಲ್ಲಿ ಅಡುಗೆ. ಮಧ್ಯಾಹ್ನ ಒಂದು ಗಂಟೆಗೆ ಎಂಟು ಕಿಲೋ ಸೋನಾ ಮಸೂರಿ ಬೇಯಿಸಿ, ಗಂಜಿ ಬಸಿದು, ಎರಡು ಸೌಟು ಎಣ್ಣೆ ಕಲಸಿ ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ತುಂಬುತ್ತಿದ್ದರು. ಇಪ್ಪತ್ತು ಕಿಲೋ ಮೇಲೆ ಅನ್ನ. ಮೇಲೊಂದು ಒದ್ದೆ ಬಟ್ಟೆ. ಸಂಜೆ ಐದೂವರೆಗೆ ಗಾಡಿ ಶುರು, ರಾತ್ರಿ ಹನ್ನೊಂದಕ್ಕೆ ಮುಕ್ತಾಯ. ಉಳಿದದ್ದು ಮರುದಿನದ ಅನ್ನಕ್ಕೆ ಸೇರುತ್ತಿತ್ತು.

ಸಂಜೆ ಆರಕ್ಕೆ ನಾನು ಟಬ್ಬಿನ ನಡುವಿಗೆ ಥರ್ಮಾಮೀಟರ್ ಇಳಿಸಿದೆ. 46 ಡಿಗ್ರಿ. ಅಂಚಿನಲ್ಲಿ 33. ಮೇಲೆ ಮುಟ್ಟಿದರೆ ಪೂರ್ತಿ ಆರಿದ ಹಾಗೇ ಇತ್ತು. ಅಂದರೆ ಬಸಿದು ನಾಲ್ಕು ಗಂಟೆ ದಾಟಿದರೂ ಒಳಗಿನ ಅನ್ನ ಇನ್ನೂ ಬೆಚ್ಚಗೆ ಕೂತಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 5ರಿಂದ 60 ಡಿಗ್ರಿವರೆಗಿನದನ್ನು ಅಪಾಯದ ವಲಯ ಅನ್ನುತ್ತದೆ. ಅದರಲ್ಲೂ 30ರಿಂದ 40 ಅಂದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಹಬ್ಬ.

ಇದು ಮಣ್ಣಿನಲ್ಲಿರುವ ಜೀವಿ, ಅಕ್ಕಿಯ ಜೊತೆಗೇ ಬರುತ್ತದೆ. ತೊಳೆದರೆ ಪೂರ್ತಿ ಹೋಗುವುದಿಲ್ಲ. ಅನ್ನ ಕುದಿಯುವಾಗ ಬೇರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಇದು ಗಟ್ಟಿ ಕವಚದ ಬೀಜಾಣುವಾಗಿ ಬದುಕಿ ಉಳಿಯುತ್ತದೆ. ಅನ್ನ ಬೆಚ್ಚಗಾದಾಗ ಮೊಳೆತು, ಬೆಳೆದು, ಸೀರಿಯುಲೈಡ್ ಅನ್ನುವ ವಿಷ ಬಿಡುತ್ತದೆ. ವಾಸನೆ ಬರಲೇಬೇಕು ಅಂತಿಲ್ಲ, ರುಚಿ ಕೆಡಲೇಬೇಕು ಅಂತಿಲ್ಲ. ಪ್ರಯೋಗಾಲಯದಲ್ಲಿ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಈ ವಿಷ ಹಾಳಾಗಿಲ್ಲ. ಬಾಣಲೆಯಲ್ಲಿ ಎರಡು ನಿಮಿಷ ಎಷ್ಟು ಜೋರು ಉರಿ ಕೊಟ್ಟರೂ ಅದಕ್ಕೇನೂ ಆಗುವುದಿಲ್ಲ.

ಗಾಡಿಯ ಅಣ್ಣನಿಗೆ ಅರ್ಥ ಮಾಡಿಸಲು ಕಷ್ಟವಾದದ್ದು ಇದೇ. "ಮೇಡಂ, ಕಣ್ಣೆದುರೇ ಬೆಂಕಿ ಮೇಲೆ ಹಾಕಿ ಕೊಡ್ತೀನಲ್ಲ, ಇನ್ನೇನಿರುತ್ತೆ?" ಅಂದರು. ಮೊಟ್ಟೆಯ ವಿಷಯದಲ್ಲಿ ಅವರ ಮಾತು ನೂರಕ್ಕೆ ನೂರು ನಿಜ. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದರೆ, ಬಾಣಲೆಯಲ್ಲಿ ಮೊಟ್ಟೆ ಪೂರ್ತಿ ಗಟ್ಟಿಯಾಗುವ ಹೊತ್ತಿಗೆ ಅದು ಸಾಯುತ್ತದೆ. ಹಾಗಾಗಿ ಮೊಟ್ಟೆಗೆ ಬಾಣಲೆಯೇ ಬಿಗಿ ಹಿಡಿಯಬೇಕಾದ ಜಾಗ. ಅದೇ ಬಾಣಲೆ ಅನ್ನದ ಪಾಲಿಗೆ ತಡ. ವಿಷ ಟಬ್ಬಿನಲ್ಲೇ ತಯಾರಾಗಿರುತ್ತದೆ. ಒಂದೇ ಪ್ಲೇಟಿನಲ್ಲಿ ಎರಡು ಪದಾರ್ಥ, ಎರಡಕ್ಕೂ ಬೇರೆ ಬೇರೆ ಜಾಗದಲ್ಲಿ ಕಾವಲು. ಟೋಪಿ, ಗ್ಲೌಸ್ ಅಂತ ಪಟ್ಟಿ ಓದಿ ಫೋಟೋ ತೆಗೆದುಕೊಂಡು ಹೋಗುವ ತರಬೇತಿಗಳಲ್ಲಿ ಇದು ಬರುವುದೇ ಇಲ್ಲ ಅನ್ನುವುದು ನನ್ನ ದೂರು.

ಅವರು ಅನ್ನವನ್ನು ಅಷ್ಟು ಬೇಗ ಮಾಡಿಡುವುದು ಸೋಮಾರಿತನದಿಂದಲ್ಲ. ಬಿಸಿ ಅನ್ನ ಬಾಣಲೆಗೆ ಬಿದ್ದರೆ ಮುದ್ದೆಯಾಗುತ್ತದೆ. ಉದುರುದುರಾಗಿ ಬರಬೇಕಾದರೆ ಆರಿರಲೇಬೇಕು. 1970ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ಮತ್ತೆ ಮತ್ತೆ ಹೀಗೇ ವಾಂತಿ ಆಗಿತ್ತು. ಅಲ್ಲೂ ಬೇಯಿಸಿದ ಅನ್ನವನ್ನು ರಾತ್ರಿಯಿಡೀ ಹೊರಗೇ ಇಡುತ್ತಿದ್ದರು. ಫ್ರಿಜ್ಜಿಗೆ ಇಟ್ಟರೆ ಗಂಟು ಕಟ್ಟುತ್ತದೆ ಅನ್ನುವುದು ಅವರ ಕಾರಣ. ಈ ರೋಗದ ಬಗ್ಗೆ ಜಗತ್ತಿಗೆ ಚೆನ್ನಾಗಿ ಗೊತ್ತಾಗಿದ್ದೇ ಆಗ. ಹಾಗಾಗಿ 60 ಡಿಗ್ರಿ ಮೇಲೆ ಬಿಸಿಯಾಗಿಡಿ ಅಂತ ಹೇಳಿ ಬಂದರೆ ಗಾಡಿಯವರು ತಲೆಯಾಡಿಸುತ್ತಾರೆ, ಮರುದಿನ ಮತ್ತೆ ಅದೇ ಟಬ್ಬು. ಮನೆಯ ಸಣ್ಣ ಫ್ರಿಜ್ಜಿಗೆ ಇಪ್ಪತ್ತು ಕಿಲೋ ಬಿಸಿ ಅನ್ನ ತುರುಕಿದರೆ ಫ್ರಿಜ್ಜೇ ಬಿಸಿಯಾಗುತ್ತದೆ ಅಷ್ಟೇ.

ಉಳಿದದ್ದು ಗಡಿಯಾರ. ಒಲೆಯಿಂದ ಇಳಿಸಿದ ಅನ್ನ ನಾಲ್ಕು ಗಂಟೆಯೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಬಿಸಿಯನ್ನಾಗಲಿ ತಂಪನ್ನಾಗಲಿ ಕಾಯ್ದುಕೊಳ್ಳಲು ಆಗದ ಕಡೆ ಹಲವು ದೇಶಗಳಲ್ಲಿ ಇದೇ ಮಿತಿ. ಈ ಗಾಡಿಗೆ ನಾವು ಹೀಗೆ ಹೊಂದಿಸಿದೆವು. ಎಂಟು ಕಿಲೋ ಒಟ್ಟಿಗೆ ಬೇಡ. ಐದು ಕಿಲೋ ಅಕ್ಕಿಯ ಅನ್ನ ನಾಲ್ಕು ಗಂಟೆಗೆ ಬಸಿಯುವುದು. ಮೂರು ಕಿಲೋ ಏಳು ಗಂಟೆಗೆ ಬಸಿಯುವುದು, ಅದನ್ನು ಮಗ ಸ್ಕೂಟರಿನಲ್ಲಿ ತಂದುಕೊಡುವುದು. ಬಸಿದ ತಕ್ಷಣ ಅಗಲವಾದ ಪರಾತಗಳಲ್ಲಿ ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಆಗದ ಹಾಗೆ ಹರಡಿ, ಜಾಳಿಗೆ ಬಟ್ಟೆ ಮುಚ್ಚಿ, ಫ್ಯಾನು ಹಾಕುವುದು. ಮುಕ್ಕಾಲು ಗಂಟೆಯಲ್ಲಿ ಅನ್ನ ಆರಿ ಬಿಡಿಬಿಡಿಯಾಗಿತ್ತು, ಟಬ್ಬಿನಲ್ಲಿ ಬರುತ್ತಿದ್ದುದಕ್ಕಿಂತ ಚೆನ್ನಾಗೇ. ಅಕ್ಕ ಒಪ್ಪಿದ್ದು ಆ ಉದುರು ನೋಡಿ, ಬ್ಯಾಕ್ಟೀರಿಯಾದ ಪಾಠ ಕೇಳಿ ಅಲ್ಲ.

ಡಬ್ಬದ ಮುಚ್ಚಳಕ್ಕೆ ಒಂದು ಟೇಪ್ ಹಚ್ಚಿ ಮಾರ್ಕರ್‌ನಲ್ಲಿ ಬರೆಯುತ್ತಾರೆ: ಮೊದಲನೆಯದಕ್ಕೆ 8, ಎರಡನೆಯದಕ್ಕೆ 11. ಅದು ಮುಗಿಯಬೇಕಾದ ಹೊತ್ತು. ಬೇಯಿಸಿದ ಹೊತ್ತು ಬರೆದರೆ ಗಲಾಟೆಯ ನಡುವೆ ಕೂಡಿ ಕಳೆದು ಲೆಕ್ಕ ಹಾಕಬೇಕಾಗುತ್ತದೆ, ಯಾರೂ ಹಾಕುವುದಿಲ್ಲ. ಫೈಲು, ರಿಜಿಸ್ಟರ್ ಎಲ್ಲಾ ಆ ಟೇಪೇ.

ಜಗಳ ಬಂದದ್ದು ಚೆಲ್ಲುವ ವಿಷಯಕ್ಕೆ. ಎಂಟು ಗಂಟೆಗೆ ಒಂದು ಕಿಲೋ ಅನ್ನ ಉಳಿದಿತ್ತು. "ಮೂರು ಪ್ಲೇಟು ಮೇಡಂ, ಕಮ್ಮಿ ಅಂದ್ರೂ ನೂರೈವತ್ತು ರೂಪಾಯಿ" ಅಂದರು. ಕೂತು ಲೆಕ್ಕ ಹಾಕಿದೆವು. ಒಂದು ಕಿಲೋ ಅನ್ನಕ್ಕೆ ಸುಮಾರು ನಾನೂರು ಗ್ರಾಂ ಅಕ್ಕಿ. ಕಿಲೋಗೆ ಅರವತ್ತರ ಅಕ್ಕಿ ಅಂದರೂ ಇಪ್ಪತ್ನಾಲ್ಕು ರೂಪಾಯಿ, ಮೇಲೆ ಸ್ವಲ್ಪ ಗ್ಯಾಸು. ಮೊಟ್ಟೆ, ಎಣ್ಣೆ, ಮಸಾಲೆ ಇನ್ನೂ ಬಿದ್ದೇ ಇಲ್ಲ, ಗಿರಾಕಿಯೂ ಬಂದಿಲ್ಲ. ಆಮೇಲೆ ಅವರೇ ಮೊದಲ ಸುತ್ತನ್ನು ನಾಲ್ಕೂವರೆ ಕಿಲೋಗೆ ಇಳಿಸಿದರು. ಹಳೆಯದನ್ನು ಹೊಸದಕ್ಕೆ ಬೆರೆಸುವುದು ಮಾತ್ರ ಯಾವ ಕಾರಣಕ್ಕೂ ಬೇಡ ಅಂತ ನಾನು ಹಟ ಹಿಡಿದೆ. ಬೆರೆಸಿದರೆ ಬೆಳೆದ ಬ್ಯಾಕ್ಟೀರಿಯಾವೂ ವಿಷವೂ ಹೊಸ ಅನ್ನಕ್ಕೆ ಬರುತ್ತವೆ, ಟೇಪಿನ ಮೇಲಿನ ಅಂಕಿಗೆ ಅರ್ಥವೇ ಇರುವುದಿಲ್ಲ.

ತರಬೇತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ನಮ್ಮಜ್ಜಿ ದಿನಾ ತಂಗಳನ್ನ ತಿಂದು ಗಟ್ಟಿಯಾಗಿದ್ರಲ್ಲ? ಒಳ್ಳೆ ಪ್ರಶ್ನೆ. ಅಜ್ಜಿ ಅನ್ನಕ್ಕೆ ನೀರು, ಮಜ್ಜಿಗೆ ಹಾಕಿ ಇಡುತ್ತಿದ್ದರು. ಅದು ಹುಳಿಯಾಗುತ್ತದೆ. ಹುಳಿ ಚೆನ್ನಾಗಿ ಏರಿದ ಕಡೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಪುಳಿಯೋಗರೆ ಪ್ರಯಾಣಕ್ಕೆ ತಡೆಯುವುದರಲ್ಲೂ ಹುಣಸೆಯ ಪಾಲಿದೆ. ಗಾಡಿಯ ಅನ್ನದಲ್ಲಿ ಹುಳಿ ಇಲ್ಲ. ಕೊನೆಗೆ ಮೇಲೆ ನಿಂಬೆ ಹಿಂಡಿದರೆ ಆಗಲೇ ಆದ ವಿಷ ಹೋಗುವುದೂ ಇಲ್ಲ.

ಇನ್ನು ದೂರು ಬಂದಾಗ ಏನು ಮಾಡಬೇಕು ಅನ್ನುವುದು. ನಾನು ಮೊದಲು ಕೇಳುವುದು ಎರಡೇ: ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ಶುರುವಾಯಿತು? ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ, ಜ್ವರ ಇಲ್ಲ ಅಂದರೆ ಆಹಾರದಲ್ಲೇ ತಯಾರಾಗಿದ್ದ ವಿಷದ ಮೇಲೆ ಅನುಮಾನ. ಅದು ಬ್ಯಾಸಿಲಸ್ ಸೀರಿಯಸ್ ಇರಬಹುದು, ಕೈಯಿಂದ ಬಂದ ಸ್ಟೆಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರ ವಿಷವೂ ಬೆಂಕಿಗೆ ಬಗ್ಗುವುದಿಲ್ಲ. ಅರ್ಧ ದಿನದಿಂದ ಮೂರು ದಿನದೊಳಗೆ ಜ್ವರ, ಭೇದಿ ಅಂದರೆ ಸಾಲ್ಮೊನೆಲ್ಲಾ ನೆನಪಾಗುತ್ತದೆ. ಟೈಫಾಯ್ಡ್‌ಗೆ ವಾರಗಳೇ ಬೇಕು, ಅಷ್ಟರಲ್ಲಿ ಯಾವ ಗಾಡಿ ಅಂತ ನೆನಪೂ ಇರುವುದಿಲ್ಲ. ಆದರೂ ಕೊನೆಯದಾಗಿ ತಿಂದ ಗಾಡಿಯ ಮೇಲೇ ತಪ್ಪು ಹೊರಿಸುವುದು ಜನರ ಅಭ್ಯಾಸ. ಒಂದೇ ಗಾಡಿಯಲ್ಲಿ ಏಳಕ್ಕೆ ತಿಂದವರು ಚೆನ್ನಾಗಿದ್ದು ಹತ್ತಕ್ಕೆ ತಿಂದವರು ಮಲಗಿದ್ದರೆ ಮಾತ್ರ ಗಾಡಿಯೊಳಗಿನ ಹೊತ್ತಿನ ಲೆಕ್ಕಕ್ಕೆ ಇಳಿಯಬಹುದು. ಆಗ ಉಳಿದ ಅನ್ನವನ್ನು ಚೆಲ್ಲಬಾರದು. ಮುಚ್ಚಿ ತಣ್ಣಗಿಟ್ಟು ಆರೋಗ್ಯ ಇಲಾಖೆಯವರಿಗೆ ಕೊಡಬೇಕು. ಭಯಕ್ಕೆ ಎಲ್ಲ ತೊಳೆದುಬಿಡುತ್ತಾರೆ, ಆಮೇಲೆ ಅವರ ಪರವಾಗಿ ಹೇಳುವುದಕ್ಕೂ ಏನೂ ಉಳಿದಿರುವುದಿಲ್ಲ.

ಟೇಪು ಕಾಯುವುದು ಅನ್ನವನ್ನು ಮಾತ್ರ. ಮೇಲೆ ಉದುರಿಸುವ ಹಸಿ ಈರುಳ್ಳಿ, ಕೊತ್ತಂಬರಿ ಬೆಂಕಿಯ ನಂತರ ಬೀಳುತ್ತವೆ, ನೋಟು ಮುಟ್ಟಿದ ಕೈಯಿಂದಲೇ ಬೀಳುತ್ತವೆ. ಅವುಗಳ ಮುಂದೆ ಸರಿಮಾಡುವ ಹೆಜ್ಜೆ ಒಂದೂ ಇಲ್ಲ. ಈ ಗಾಡಿಯಲ್ಲಿ ದುಡ್ಡು ತೆಗೆದುಕೊಳ್ಳುವ ಕೆಲಸ ಈಗ ಮಗನದ್ದು. ಈರುಳ್ಳಿಗೆ ಉದ್ದ ಹಿಡಿಯ ಚಮಚ ಬಂದಿದೆ. ಪ್ಲೇಟು ತೊಳೆಯುವುದು ಇನ್ನೂ ಒಂದೇ ಬಕೆಟ್ ನೀರಿನಲ್ಲಿ. ನಲ್ಲಿ ಇರುವ ಜಾಗಕ್ಕೆ ಗಾಡಿ ಸರಿಸಲು ಪಾಲಿಕೆಗೆ ಅರ್ಜಿ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಪ್ಲೇಟಿನ ಮೇಲೆ ಬಾಳೆ ಎಲೆ ತುಂಡು ಹಾಕಿ ಕೊಡುತ್ತಾರೆ, ಎಲೆಯನ್ನು ಮಾತ್ರ ಮನೆಯಲ್ಲೇ ನಲ್ಲಿ ನೀರಲ್ಲಿ ತೊಳೆದು ಒರೆಸಿ ತರುತ್ತಾರೆ.